ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಓಡಬೇಡಿ: ಶಾಲಾ ಪ್ರಾರ್ಥನಾ ಸಭೆಗೆ ಒಂದು ಕಿರುರೂಪಕ

ಘಟಪ್ರಭಾ ಮತ್ತು ಹಿರಣ್ಯಕೇಶಿ ನದಿಗಳ ನೀರಾವರಿಯಿಂದ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬು ವ್ಯಾಪಕವಾಗಿ ಬೆಳೆಯುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ಊರೊಳಗಿನ ರಸ್ತೆಗಳಲ್ಲಿಯೇ ಸಾಗುತ್ತವೆ. ತಿರುವು ಅಥವಾ ರಸ್ತೆ ಉಬ್ಬಿನ ಬಳಿ ವಾಹನ ನಿಧಾನವಾದಾಗ ಮಕ್ಕಳು ಹಿಂದೆ ಓಡಿ ಕಬ್ಬು ಹಿರಿಯುವುದುಂಟು. ಈ ಅಭ್ಯಾಸ ಏಕೆ ಅಪಾಯಕರ ಎಂಬುದನ್ನು ಮಕ್ಕಳೇ ಅಭಿನಯಿಸಿ ಕಂಡುಕೊಳ್ಳುವಂತೆ ಈ ರೂಪಕವನ್ನು ರಚಿಸಲಾಗಿದೆ. ಗ್ರಾಮ ಪಂಚಾಯತಿ ಸದಸ್ಯರು ಇದನ್ನು ತಮ್ಮ ವ್ಯಾಪ್ತಿಯ ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ಚರ್ಚಿಸಿ ಹಂಗಾಮಿನ ಆರಂಭದಲ್ಲಿಯೇ ಆಡಿಸಬಹುದು. ಸಂಭಾಷಣೆಯನ್ನು ಮಕ್ಕಳ ಆಡುಮಾತಿನಲ್ಲಿಯೇ ಇಡಲಾಗಿದೆ.

ಸಿದ್ಧತೆ: ಶಾಲೆಯ ಅಂಗಳವೇ ರಂಗಸ್ಥಳ. ಒಬ್ಬ ವಿದ್ಯಾರ್ಥಿ ಚಾಲಕ. ಅವನ ಹಿಂದೆ ಇಬ್ಬರು ಮೊದಲ ಟ್ರೇಲರ್, ಅವರ ಹಿಂದೆ ಇಬ್ಬರು ಎರಡನೆಯ ಟ್ರೇಲರ್. ನಡುವೆ ಸುಮಾರು 2 ಮೀಟರ್ ಉದ್ದದ ಹಗ್ಗಗಳು. ಮೊದಲ ಟ್ರೇಲರಿನ ಮಕ್ಕಳು ಒಂದು ಜಮಖಾನೆಯನ್ನು ಎತ್ತಿ ಹಿಡಿಯುವರು. ಅದೇ ಕಬ್ಬಿನ ಹೊರೆ. ನೆಲದ ಮೇಲೆ ಸುಣ್ಣದ ಪುಡಿಯಿಂದ ಒಂದು ತಿರುವನ್ನು ಬರೆದಿರಬೇಕು.

ದೃಶ್ಯ 1

ಶಿವು: ಮಲ್ಲು, ಬಾರೋ! ಉಬ್ಬಿನ ಹತ್ರ ಗಾಡಿ ಸಾವಕಾಶ ಆಗೈತಿ. ಎರಡ ಕಬ್ಬ ಹಿರ್ಕೊಂಡ ಬರೂಣು.

ಮಲ್ಲು: ಕಾಕಾ ನೋಡಿದ್ರ ಬೈತಾನ.

ಶಿವು: ಹಿಂದ ಹೋದ್ರ ಅಂವಗ ಹೆಂಗ ಕಾಣತೈತಿ?

ಸುನಂದಾ: ನಿಲ್ರೋ! ಕಾಕಾ, ಗಾಡಿ ನಿಲ್ಲಸ್ರಿ!

(ಟ್ರ್ಯಾಕ್ಟರ್ ಕೆಲವು ಹೆಜ್ಜೆ ಮುಂದೆ ಸಾಗಿ ನಿಲ್ಲುತ್ತದೆ. ಚಾಲಕ ಇಳಿಯುತ್ತಾನೆ.)

ದೃಶ್ಯ 2

ಚಾಲಕ: ಯಾಕವ್ವಾ, ಏನಾತು?

ಸುನಂದಾ: ಇವರು ನಿಮ್ಮ ಗಾಡಿ ಹಿಂದ ಓಡಾಕತ್ತಿದ್ರ ರೀ ಕಾಕಾ.

ಚಾಲಕ: ನನಗ ಯಾರೂ ಕಾಣಲಿಲ್ಲಲ್ಲ! ಶಿವು, ನೀ ಬಂದು ನನ್ನ ಜಾಗಾದಾಗ ಕುಂಡರು. ಹಿಂದ ಮಲ್ಲು ಎಷ್ಟ ಬೆರಳ ಎತ್ತ್ಯಾನ, ಹೇಳು.

ಶಿವು: (ತಿರುಗಿ ನೋಡಿ) ಬರೇ ಕಬ್ಬ ಕಾಣತೈತಿ ಕಾಕಾ. ಮಲ್ಲು ಕಾಣವಲ್ಲ.

ಸುನಂದಾ: ಕೂಗಿದಕೂಡಲೇ ಗಾಡಿ ಯಾಕ ನಿಲ್ಲಲಿಲ್ಲ ರೀ?

ಚಾಲಕ: ತಾಸಿಗೆ 18 ಕಿಲೋಮೀಟರ್ ಹೋಗೋ ಗಾಡಿ ಒಂದ ಸೆಕೆಂಡಿಗೆ 5 ಮೀಟರ್ ಹೋಗತೈತಿ. ಕೂಗು ಕೇಳಿ ನಾ ಬ್ರೇಕ್ ಮ್ಯಾಲ ಕಾಲ ಇಡೂದ್ರಾಗ ಆ ಸೆಕೆಂಡ್ ಮುಗೀತೈತಿ. ಆಮ್ಯಾಲೂ ಹಿಂದಿನ ಭಾರ ಮುಂದಕ್ಕ ನೂಕತೈತಿ.

(ಇಬ್ಬರು ಮಕ್ಕಳು ಅಂಗಳದಲ್ಲಿ 5 ಮೀಟರ್ ಅಳೆದು ತೋರಿಸುವರು.)

ದೃಶ್ಯ 3

ಚಾಲಕ: ಈಗ ನಾ ತಿರುವಿನ್ಯಾಗ ಹೋಗತೀನಿ. ಹಿಂದಿನ ಟ್ರೇಲರ್ ಎಲ್ಲಿ ಬರತೈತಿ, ನೋಡ್ರಿ.

(ಚಾಲಕ ಸುಣ್ಣದ ಗೆರೆಯ ಮೇಲೆಯೇ ನಡೆಯುತ್ತಾನೆ. ಹಿಂದಿನವರು ಹಗ್ಗ ಬಿಗಿಯಾಗಿಟ್ಟುಕೊಂಡು ಎಳೆದತ್ತ ಬರುತ್ತಾರೆ.)

ಮಲ್ಲು: ಅಯ್ಯ! ಕಾಕಾ ಗೆರಿ ಮ್ಯಾಲ ಹೋದ. ಹಿಂದಿನವರು ಗೆರಿ ಬಿಟ್ಟು ಒಳಗ ಬಂದ್ರು!

ಸುನಂದಾ: ಅಲ್ಲೇ ನೀವು ಕಬ್ಬಿಗೆ ನಿಂತಿದ್ರಿ.

ಶಿವು: ಇನ್ನ ಗಾಡಿ ಬಂತಂದ್ರ ತಿರುವಿನ ಒಳಮಗ್ಗಲಿಗೆ ನಿಲ್ಲೂದಿಲ್ಲ. ಎರಡೂ ಟ್ರೇಲರ್ ದಾಟೂತನಕ ರಸ್ತಾ ದಾಟೂದಿಲ್ಲ.

ಮಲ್ಲು: ಎರಡು ಟ್ರೇಲರ್ ನಡುವಿನ ಸಂದ್ಯಾಗ ನುಗ್ಗೂದಿಲ್ಲ.

ಎಲ್ಲರೂ: ಯಾರಿಗರೆ ಪೆಟ್ಟಾದ್ರ ದೊಡ್ಡವರನ್ನ ಕರೀತೀವಿ, 108ಕ್ಕ ಫೋನ್ ಮಾಡಸ್ತೀವಿ!

ಅಭ್ಯಾಸದ ಸೂಚನೆಗಳು: ಮೂರನೆಯ ದೃಶ್ಯವೇ ಈ ಪಾಠದ ತಿರುಳು. ಹಗ್ಗ ಸಡಿಲವಾದರೆ ಹಿಂದಿನ ಮಕ್ಕಳು ಚಾಲಕನ ಹೆಜ್ಜೆಯ ಮೇಲೆಯೇ ನಡೆದುಬಿಡುತ್ತಾರೆ. ಆಗ ಟ್ರೇಲರ್ ಒಳಕ್ಕೆ ಸರಿಯುವುದು ಕಾಣುವುದಿಲ್ಲ. ಅವರ ಹೆಜ್ಜೆಗಳು ಗೆರೆಯ ಒಳಬದಿಗೆ ಮೂಡಿದರೆ ಪ್ರಯೋಗ ಸರಿಯಾಗಿದೆ ಎಂದು ತಿಳಿಯಬೇಕು. ತಿರುವು ಬಿಗಿಯಾದಷ್ಟೂ ಅಂತರ ಹೆಚ್ಚಾಗಿ ಕಾಣುತ್ತದೆ. ಚಕ್ರದಡಿ ಬೀಳುವ ಅಭಿನಯವನ್ನು ಮಾಡಿಸಬಾರದು. ಚಿಕ್ಕ ಮಕ್ಕಳು ಅದನ್ನು ಆಟವೆಂದು ಅನುಕರಿಸುವ ಸಂಭವವಿದೆ. ಅಭ್ಯಾಸವನ್ನು ರಸ್ತೆಯಲ್ಲಾಗಲಿ, ನಿಜವಾದ ಟ್ರ್ಯಾಕ್ಟರ್ ಬಳಿಯಾಗಲಿ ನಡೆಸಬಾರದು. ಚಾಲಕನನ್ನು ಖಳನಂತೆ ಚಿತ್ರಿಸುವುದೂ ಬೇಡ. ಆತನಿಗೆ ಮಕ್ಕಳು ಕಾಣುವುದಿಲ್ಲ ಎಂಬುದೇ ಇಲ್ಲಿ ಮನದಟ್ಟಾಗಬೇಕಾದ ಸಂಗತಿ.

ಪ್ರದರ್ಶನದ ನಂತರ ಹಾಜರಿರುವ ಸದಸ್ಯರು ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಬೇಕು: "ನಮ್ಮೂರಲ್ಲಿ ಕಬ್ಬಿನ ಗಾಡಿ ಎಲ್ಲೆಲ್ಲಿ ನಿಧಾನವಾಗುತ್ತದೆ?" ಮಕ್ಕಳು ಹೇಳುವ ತಿರುವು, ಉಬ್ಬು ಮತ್ತು ಚಡಾವುಗಳೇ ಕಬ್ಬು ಹಿರಿಯುವ ಸ್ಥಳಗಳು. ಅವುಗಳನ್ನು ಬರೆದುಕೊಂಡು ಮಕ್ಕಳ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಬೇಕು. ಶಾಲೆ ಬಿಡುವ ವೇಳೆಯಲ್ಲಿ ಅಲ್ಲಿ ಹಿರಿಯರೊಬ್ಬರು ನಿಲ್ಲುವ ವ್ಯವಸ್ಥೆ, ಬೀದಿದೀಪ, ಎಚ್ಚರಿಕೆ ಫಲಕ ಇವುಗಳಲ್ಲಿ ಯಾವ ಸ್ಥಳಕ್ಕೆ ಯಾವುದು ಅಗತ್ಯ ಎಂಬುದನ್ನು ಆ ಪಟ್ಟಿಯ ಆಧಾರದ ಮೇಲೆ ಪಂಚಾಯತಿ ಸಭೆಯಲ್ಲಿ ನಿರ್ಧರಿಸಬಹುದು.