ವಾಕ್ಯ ಅಳೆಯಿರಿ, ಪದ ಎಣಿಸಿ: ನಿಮ್ಮ ಬರಹವನ್ನು ನೀವೇ ಪರೀಕ್ಷಿಸಲು ಎಂಟು ಸೂತ್ರಗಳು

ರಾಜ್ಯೋತ್ಸವ ಹತ್ತಿರ ಬಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆ ಸ್ಮರಣ ಸಂಚಿಕೆಗಳ ಕೆಲಸ ಶುರುವಾಗುತ್ತದೆ. ಲೇಖನ ಬರೆಯುವವರನ್ನೂ ತಿದ್ದುವವರನ್ನೂ ಆಗ ಕಾಡುವುದು ಒಂದೇ ಪ್ರಶ್ನೆ: ಬರಹ ಏಕತಾನವಾಯಿತೇ? ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸಲು ಎರಡು ಅಳತೆಗಳಿವೆ. ವಾಕ್ಯಗಳ ಉದ್ದ ಎಷ್ಟು ಏರಿಳಿಯುತ್ತದೆ ಎಂಬುದು ಒಂದು, ಒಟ್ಟು ಪದಗಳಲ್ಲಿ ಬೇರೆ ಬೇರೆ ಪದಗಳೆಷ್ಟು ಎಂಬುದು ಇನ್ನೊಂದು. ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1939ರಲ್ಲಿ ವಾಕ್ಯಗಳ ಉದ್ದದ ಮೇಲೆ, 1944ರಲ್ಲಿ ಸಾಹಿತ್ಯದ ಪದಸಂಪತ್ತಿನ ಮೇಲೆ ಬರೆದಾಗಿನಿಂದ ಇವು ಬಳಕೆಯಲ್ಲಿವೆ. ಕನ್ನಡಕ್ಕೆ ಅನ್ವಯಿಸುವಾಗ ಮಾತ್ರ ಕೆಲವು ಎಚ್ಚರಗಳು ಬೇಕು.

1. ಸರಾಸರಿಗೆ ಮರುಳಾಗಬೇಡಿ, ಏರಿಳಿತ ನೋಡಿ

ಒಂದೇ ಪ್ರಯಾಣದ ಎರಡು ಬರಹಗಳನ್ನು ಓದಿ.

ಮೊದಲನೆಯದು: "ನಾನು ಬೆಳಿಗ್ಗೆ ವಿಜಯನಗರದ ಮೆಟ್ರೋ ನಿಲ್ದಾಣಕ್ಕೆ ಬಂದೆ. ನಾನು ಅಲ್ಲಿ ಕೆಂಗೇರಿಗೆ ಹೋಗುವ ರೈಲು ಹಿಡಿದೆ. ರೈಲಿನಲ್ಲಿ ನನಗೆ ಕೂರಲು ಜಾಗ ಸಿಗಲಿಲ್ಲ. ನಾನು ಬಾಗಿಲ ಬಳಿ ನಿಂತು ಅಷ್ಟು ದೂರ ಬಂದೆ. ಕೆಂಗೇರಿಯಲ್ಲಿ ಇಳಿದು ನಾನು ಮನೆಗೆ ಬಸ್ಸು ಹತ್ತಿದೆ."

ಎರಡನೆಯದು: "ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಜಾಗವಿಲ್ಲ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಚೀಲ, ಎದುರಿಗೆ ಪರೀಕ್ಷೆಗೆ ಓದುತ್ತ ನಿಂತ ಹುಡುಗರು, ಹೀಗೆ ಬಾಗಿಲಿಗೆ ಒರಗಿಕೊಂಡೇ ಕೆಂಗೇರಿಯವರೆಗೆ ಬಂದೆ. ಇಳಿದಾಗ ಮಳೆ. ಬಸ್ಸಿಗೆ ಕಾಯುವುದೋ ನಡೆದೇ ಬಿಡುವುದೋ ಎಂದು ಯೋಚಿಸುತ್ತ ನಿಲ್ದಾಣದ ಮೆಟ್ಟಿಲಲ್ಲೇ ನಿಂತೆ."

ಎರಡರಲ್ಲೂ 5 ವಾಕ್ಯ, 30 ಪದ. ಎರಡರ ಸರಾಸರಿಯೂ ವಾಕ್ಯಕ್ಕೆ 6 ಪದ. ಆದರೆ ಮೊದಲನೆಯದರ ಉದ್ದಗಳು 6, 6, 5, 7, 6. ಎರಡನೆಯದರವು 3, 1, 15, 2, 9. ಕಿವಿಗೆ ಕೇಳಿಸುವ ಲಯದ ವ್ಯತ್ಯಾಸ ಇರುವುದು ಇಲ್ಲಿ, ಸರಾಸರಿಯಲ್ಲಿ ಅದು ಕಾಣುವುದೇ ಇಲ್ಲ.

2. ಏರಿಳಿತವನ್ನು ಒಂದು ಅಂಕಿಗೆ ಇಳಿಸಿ

ಹೈಸ್ಕೂಲಿನ ಗಣಿತದಲ್ಲಿ ಕಲಿತ ಮಾನಕ ವಿಚಲನೆ ಇದಕ್ಕೆ ಸಾಕು. ಪ್ರತಿ ವಾಕ್ಯದ ಉದ್ದ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ಆ ಅಂತರಗಳ ವರ್ಗಗಳನ್ನು ಕೂಡಿಸಿ, ವಾಕ್ಯಗಳ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಎರಡನೆಯ ಬರಹದಲ್ಲಿ ವರ್ಗಗಳು 9, 25, 81, 16, 9, ಮೊತ್ತ 140, ಐದರಿಂದ ಭಾಗಿಸಿದರೆ 28, ವರ್ಗಮೂಲ ಸುಮಾರು 5.3. ಮೊದಲನೆಯದಕ್ಕೆ ಹೀಗೇ ಮಾಡಿದರೆ 0.63 ಬರುತ್ತದೆ. ಉದ್ದಗಳನ್ನು ಎಕ್ಸೆಲ್ ಹಾಳೆಯ ಒಂದು ಕಂಬದಲ್ಲಿ ಬರೆದರೆ ಲೆಕ್ಕವನ್ನು ಅದೇ ಮಾಡುತ್ತದೆ:

```
=STDEV.P(A1:A5)
=STDEV.P(A1:A5)/AVERAGE(A1:A5)
```

ಎರಡನೆಯ ಸಾಲು ವಿಚಲನೆಯನ್ನು ಸರಾಸರಿಯಿಂದ ಭಾಗಿಸುತ್ತದೆ. ಇದರಿಂದ ಉದ್ದ ವಾಕ್ಯದ ಪ್ರಬಂಧವನ್ನೂ ಚಿಕ್ಕ ವಾಕ್ಯದ ವರದಿಯನ್ನೂ ಪಕ್ಕಪಕ್ಕ ಇಡಬಹುದು. ನಮ್ಮ ಎರಡು ಬರಹಗಳಿಗೆ ಈ ಅನುಪಾತ 0.11 ಮತ್ತು 0.88.

ಐದು ವಾಕ್ಯ ವಿಧಾನ ಕಲಿಯುವುದಕ್ಕೆ ಸರಿ, ತೀರ್ಮಾನಕ್ಕೆ ಸಾಲದು. ಎರಡನೆಯ ಬರಹದಿಂದ ಆ 15 ಪದದ ವಾಕ್ಯವೊಂದನ್ನು ತೆಗೆದುಬಿಟ್ಟರೆ ವಿಚಲನೆ 5.3ರಿಂದ 3.1ಕ್ಕೆ ಕುಸಿಯುತ್ತದೆ. ಒಂದು ವಾಕ್ಯದಿಂದ ಇಷ್ಟು ಬದಲಾಗುವ ಅಂಕಿಯನ್ನು ನೆಚ್ಚಲಾಗದು. ಇಡೀ ಲೇಖನವನ್ನೇ ತೆಗೆದುಕೊಳ್ಳಿ. ಐವತ್ತು ವಾಕ್ಯವಾದರೂ ಇರಲಿ.

3. ಪದ ಎಣಿಸುವಾಗ ಸಮಾನ ಅಳತೆಯ ತುಂಡು ಹಿಡಿಯಿರಿ

ಪದವೈವಿಧ್ಯದ ಲೆಕ್ಕ ಇನ್ನೂ ಸುಲಭ. ಬೇರೆ ಬೇರೆ ಪದಗಳ ಸಂಖ್ಯೆಯನ್ನು ಒಟ್ಟು ಪದಗಳಿಂದ ಭಾಗಿಸಿ. ಮೊದಲ ಬರಹದಲ್ಲಿ "ನಾನು" ನಾಲ್ಕು ಸಲ, "ಬಂದೆ" ಎರಡು ಸಲ ಬಂದಿವೆ. ಹಾಗಾಗಿ 30ರಲ್ಲಿ 26 ಬೇರೆ ಪದ, ಅಂದರೆ 0.87. ಎರಡನೆಯದರಲ್ಲಿ ಯಾವ ಪದವೂ ಮರುಕಳಿಸಿಲ್ಲ, ಹಾಗಾಗಿ 1.

ಈ 1 ಎಂಬುದು ಹಿಗ್ಗುವ ಅಂಕಿಯಲ್ಲ. ಬರಹ ಬೆಳೆದಂತೆ "ಎಂದು", "ಆದರೆ", "ಒಂದು", "ಈ" ಮುಂತಾದ ಪದಗಳು ತಿರುತಿರುಗಿ ಬರಲೇಬೇಕು. ಹೊಸ ಪದಗಳು ಅಷ್ಟು ವೇಗದಲ್ಲಿ ಬರುವುದಿಲ್ಲ. ಆದ್ದರಿಂದ ಯಾರೇ ಬರೆದರೂ 300 ಪದದ ಬರಹಕ್ಕಿಂತ 3,000 ಪದದ ಬರಹದ ಅನುಪಾತ ಕಡಿಮೆ ಇರುತ್ತದೆ. ಪುಟ್ಟ ಬರಹವನ್ನೂ ದೀರ್ಘ ಲೇಖನವನ್ನೂ ಹೋಲಿಸಿ "ಇವರ ಪದಸಂಪತ್ತು ಬಡವಾಗಿದೆ" ಎನ್ನುವುದು ಲೆಕ್ಕದ ದೋಷ. ಪರಿಹಾರ ಹೀಗಿದೆ: ಬರಹವನ್ನು ನೂರು ನೂರು ಪದಗಳ ತುಂಡು ಮಾಡಿ, ಪ್ರತಿ ತುಂಡಿನ ಅನುಪಾತ ತೆಗೆದು, ಅವುಗಳ ಸರಾಸರಿ ಹಿಡಿಯಿರಿ. ಕೊನೆಯಲ್ಲಿ ಉಳಿದ ಅರೆ ತುಂಡನ್ನು ಬಿಟ್ಟುಬಿಡಿ.

4. ಪ್ರತ್ಯಯ ಕಳಚಿ ಇನ್ನೊಮ್ಮೆ ಎಣಿಸಿ

ಕನ್ನಡದ ದೊಡ್ಡ ತೊಡಕು ಇಲ್ಲಿದೆ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. "ಕೆಂಗೇರಿಗೆ", "ಕೆಂಗೇರಿಯಲ್ಲಿ" ಎರಡೂ ಒಂದೇ ಊರು, ಆದರೆ ಎಣಿಕೆಯಲ್ಲಿ ಎರಡು ಪದ. "ರೈಲು", "ರೈಲಿನಲ್ಲಿ" ಹಾಗೆಯೇ. "ನಾನು", "ನನಗೆ" ಕೂಡ ಹಾಗೆಯೇ. ಮೂಲರೂಪಕ್ಕೆ ತಂದು ಎಣಿಸಿದರೆ ಮೊದಲ ಬರಹದ 26 ಪದ 23ಕ್ಕೆ ಇಳಿದು, ಅನುಪಾತ 0.87ರಿಂದ 0.77 ಆಗುತ್ತದೆ. ಎರಡನೆಯದರಲ್ಲಿ "ನಿಂತ", "ನಿಂತೆ" ಒಂದಾಗುವುದಷ್ಟೇ, ಅದು 0.97ರಲ್ಲಿ ನಿಲ್ಲುತ್ತದೆ. ಎರಡು ಬರಹಗಳ ನಡುವಿನ ನಿಜವಾದ ಅಂತರ ಪ್ರತ್ಯಯ ಕಳಚಿದ ಮೇಲೆಯೇ ಸ್ಪಷ್ಟವಾಯಿತು.

ಇದೇ ಕಾರಣಕ್ಕೆ ಇಂಗ್ಲಿಷಿಗೆ ಹೇಳಿದ ಅಂಕಿಗಳನ್ನು ಕನ್ನಡಕ್ಕೆ ತರಬೇಡಿ. ಅಲ್ಲಿ ಮೂರು ನಾಲ್ಕು ಪದ ಬೇಡುವ ಮಾತು ಇಲ್ಲಿ ಒಂದೇ ಪದದಲ್ಲಿ ಮುಗಿಯುತ್ತದೆ. ವಾಕ್ಯದ ಉದ್ದವೂ ಪದವೈವಿಧ್ಯವೂ ಎರಡು ಭಾಷೆಗಳಲ್ಲಿ ಬೇರೆಯೇ.

5. ಯಂತ್ರಕ್ಕೆ ಕೊಡುವ ಮುನ್ನ ಪಠ್ಯ ಶುಚಿ ಮಾಡಿ

"ನಾನು ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ನವರಂಗ್ ಕಡೆಗೆ ನಡೆದೆ" ಎಂಬುದು ಏಳು ಪದದ ಒಂದು ವಾಕ್ಯ. ಚುಕ್ಕಿ ಕಂಡಲ್ಲಿ ತುಂಡರಿಸುವ ಪ್ರೋಗ್ರಾಂ ಇದನ್ನು ಎರಡು ಮತ್ತು ಐದು ಪದಗಳ ಎರಡು ವಾಕ್ಯವೆಂದು ಎಣಿಸುತ್ತದೆ. ಪು.ತಿ.ನ., ತ.ರಾ.ಸು. ಬಗ್ಗೆ ಬರೆದ ಲೇಖನವಾದರೆ ಒಂದಕ್ಷರದ "ವಾಕ್ಯ"ಗಳು ಸಾಲುಗಟ್ಟಿ, ಏರಿಳಿತ ಸುಮ್ಮನೆ ಹೆಚ್ಚುತ್ತದೆ. ಮೊದಲು ಇಂಥ ಚುಕ್ಕಿಗಳನ್ನು ತೆಗೆಯಿರಿ.

ಅದೇ ಹೆಸರಿನಲ್ಲಿ ಇನ್ನೊಂದು ತೊಡಕಿದೆ. "ರಾಜ್" ಮತ್ತು "ಕುಮಾರ್" ನಡುವೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದರೆ ಒಂದೇ ಹೆಸರು ಎರಡು ಪದವಾಗುತ್ತದೆ. ಎಣಿಕೆಗೆ ಮುನ್ನ ಆ ಸಂಕೇತವನ್ನು ಎಲ್ಲೆಡೆ ಅಳಿಸಿ.

ಪೈಥಾನ್ ಬಲ್ಲವರಿಗೆ ಒಂದು ಮಾತು: ಪದ ಹೆಕ್ಕಲು `\w+` ಬಳಸಬೇಡಿ. ಅದು ಕನ್ನಡದ ಕಾಗುಣಿತದ ಗುರುತುಗಳನ್ನು ಅಕ್ಷರವೆಂದು ಒಪ್ಪುವುದಿಲ್ಲ, "ನಾನು" ಎಂಬುದನ್ನು ಎರಡು "ನ" ಮಾಡಿಬಿಡುತ್ತದೆ. ಜಾಗ ಇರುವಲ್ಲಿ ತುಂಡರಿಸುವ `split()` ಬಳಸಿ, ಅಲ್ಪವಿರಾಮ ಮತ್ತು ಉದ್ಧರಣ ಚಿಹ್ನೆಗಳನ್ನು ಆಮೇಲೆ ತೆಗೆಯಿರಿ. ಫಲಿತಾಂಶ ಬಂದ ಮೇಲೆ ಪದಪಟ್ಟಿಯ ಮೊದಲ ಇಪ್ಪತ್ತು ಪದಗಳನ್ನು ಕಣ್ಣಾರೆ ನೋಡಿ. ಒಂಟಿ ಅಕ್ಷರಗಳು ತುಂಬಿದ್ದರೆ ಲೆಕ್ಕ ಕೆಟ್ಟಿದೆ ಎಂದೇ ಅರ್ಥ.

6. ಒಂದೇ ಜಾತಿಯ ಬರಹಗಳನ್ನೇ ಹೋಲಿಸಿ

ಬಸವಣ್ಣನವರ ವಚನಗಳನ್ನು ತೆಗೆದುಕೊಳ್ಳಿ. ವಚನದಿಂದ ವಚನಕ್ಕೆ "ಕೂಡಲಸಂಗಮದೇವ" ಎಂಬ ಅಂಕಿತ ಮರುಕಳಿಸುತ್ತದೆ. ಅಲ್ಲಮನಲ್ಲಿ "ಗುಹೇಶ್ವರ", ಅಕ್ಕನಲ್ಲಿ "ಚೆನ್ನಮಲ್ಲಿಕಾರ್ಜುನ". ಎಷ್ಟೋ ವಚನಗಳು ಒಂದೇ ಪದವನ್ನು ಹಿಡಿದು ಸಾಲಿನಿಂದ ಸಾಲಿಗೆ ಬೆಳೆಯುತ್ತವೆ. ಪದವೈವಿಧ್ಯದ ಅಂಕಿ ಇದನ್ನೆಲ್ಲ ಬಡತನ ಎಂದು ಓದುತ್ತದೆ. ಆದರೆ ಆ ಪುನರುಕ್ತಿಯೇ ವಚನದ ಕಟ್ಟು. ವಾಕ್ಯದ ಉದ್ದವೂ ಅಲ್ಲಿ ನೆಚ್ಚಿಕೆಯದಲ್ಲ, ಏಕೆಂದರೆ ಇಂದಿನ ಪೂರ್ಣವಿರಾಮ ಓಲೆಗರಿಯಲ್ಲಿ ಇರಲಿಲ್ಲ, ಅದು ಮುದ್ರಣದ ಕಾಲದಲ್ಲಿ ಬಂದದ್ದು. ಅಲ್ಲಿ ಉದ್ದ ಅಳೆದರೆ ಸಂಪಾದಕರ ಕೈಯನ್ನು ಅಳೆದಂತಾಗುತ್ತದೆ.

ಅಡುಗೆಯ ವಿಧಾನ, ಸಂಘದ ವಾರ್ಷಿಕ ವರದಿ, ನ್ಯಾಯಾಲಯದ ಆದೇಶ, ಇವೆಲ್ಲ ಒಂದೇ ಪದವನ್ನು ಮತ್ತೆ ಮತ್ತೆ ಬಳಸಲೇಬೇಕಾದ ಬರಹಗಳು. ವರದಿಯನ್ನು ವರದಿಯ ಜೊತೆ, ಪ್ರಬಂಧವನ್ನು ಪ್ರಬಂಧದ ಜೊತೆ ಇಟ್ಟು ನೋಡಿ. ಎಲ್ಲಕ್ಕಿಂತ ಒಳ್ಳೆಯ ಹೋಲಿಕೆ ನಿಮ್ಮದೇ ಹಳೆಯ ಬರಹ.

7. ಅಂಕಿ ಏರಿಸಲು ಬರೆಯಬೇಡಿ

ಮೊದಲ ಬರಹದ ಮೊದಲೆರಡು ವಾಕ್ಯಗಳನ್ನು "ಬಂದು" ಹಾಕಿ ಜೋಡಿಸಿ: "ನಾನು ಬೆಳಿಗ್ಗೆ ವಿಜಯನಗರದ ಮೆಟ್ರೋ ನಿಲ್ದಾಣಕ್ಕೆ ಬಂದು ಅಲ್ಲಿ ಕೆಂಗೇರಿಗೆ ಹೋಗುವ ರೈಲು ಹಿಡಿದೆ." ಈಗ ಉದ್ದಗಳು 11, 5, 7, 6. ಏರಿಳಿತದ ಅನುಪಾತ 0.11ರಿಂದ 0.31ಕ್ಕೆ, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು ಏರಿತು. ಬರಹ ಮೂರು ಪಟ್ಟು ಒಳ್ಳೆಯದಾಯಿತೇ? ಇಲ್ಲ. ಹೇಳಿದ ವಿಷಯವೂ ಹೇಳಿದ ಬಗೆಯೂ ಹಾಗೆಯೇ ಇವೆ. "ಬಂದು", "ಹಿಡಿದು", "ನಿಂತು" ಎಂದು ಕೊಂಡಿ ಹಾಕುತ್ತ ಇಡೀ ಪುಟವನ್ನು ಒಂದೇ ವಾಕ್ಯ ಮಾಡಬಲ್ಲ ಭಾಷೆ ನಮ್ಮದು. ಹಾಗಾಗಿ ಕನ್ನಡದಲ್ಲಿ ಈ ಅಂಕಿ ಬಹಳ ಸುಲಭವಾಗಿ ಕದಲುತ್ತದೆ. ಪದವೈವಿಧ್ಯವೂ ಅಷ್ಟೇ. "ಮಳೆ" ಎಂದು ಬರೆದ ಕಡೆಯೆಲ್ಲ "ವರ್ಷಧಾರೆ", "ವೃಷ್ಟಿ" ಎಂದು ಬದಲಿಸಿದರೆ ಅಂಕಿ ಏರುತ್ತದೆ, ಓದುಗ ಎಡವುತ್ತಾನೆ.

ಅಂಕಿ ಎಲ್ಲಿ ತೀರಾ ಇಳಿದಿದೆಯೋ ಆ ಭಾಗವನ್ನು ಗಟ್ಟಿಯಾಗಿ ಓದಿ. ಕಿವಿಗೂ ಬೇಸರವಾದರೆ ಮಾತ್ರ ತಿದ್ದಿ.

8. ಮನುಷ್ಯರ ಮೇಲೆ ತೀರ್ಪು ಕೊಡಬೇಡಿ

ಸಮನಾದ ವಾಕ್ಯ, ಸರಳ ಪದಗಳು ಕಂಡೊಡನೆ "ಇದು ಯಂತ್ರ ಬರೆದದ್ದು" ಎನ್ನುವ ರೂಢಿ ಈಗ ಬಂದಿದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಅವು ಯಂತ್ರದ್ದೆಂದು ತಪ್ಪಾಗಿ ಗುರುತಿಸಿದವು. ಆ ಬರಹಗಳ ಪದಗಳನ್ನು ಸಿರಿವಂತಗೊಳಿಸಿದಾಗ ತಪ್ಪು ಗಣನೀಯವಾಗಿ ಇಳಿಯಿತು. ಕಲಿತ ಭಾಷೆಯಲ್ಲಿ ಜೋಪಾನವಾಗಿ ಬರೆದದ್ದೇ ಅವರಿಗೆ ಮುಳುವಾಗಿತ್ತು.

ನಮ್ಮ ಬಡಾವಣೆಗಳ ಶಾಲೆಗಳಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು, ತುಳು ಆಡುವ ಮಕ್ಕಳು ಎಷ್ಟೋ ಮಂದಿ. ಅವರ ಕನ್ನಡ ಪ್ರಬಂಧದಲ್ಲಿ ಚಿಕ್ಕ, ಸಮನಾದ ವಾಕ್ಯಗಳಿದ್ದರೆ ಅದು ಕಲಿಕೆಯ ಹಂತ, ಕಳ್ಳತನದ ಗುರುತಲ್ಲ. ಅನುಮಾನ ಬಂದರೆ ಮಗುವನ್ನು ಹತ್ತಿರ ಕೂರಿಸಿಕೊಂಡು, ಬರೆದದ್ದರ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ. ಕರಡು ತೋರಿಸಲು ಹೇಳಿ. ಶಿಕ್ಷಕರಲ್ಲಿ, ಸ್ಪರ್ಧೆಯ ತೀರ್ಪುಗಾರರಲ್ಲಿ, ಸಂಚಿಕೆಯ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ: ಈ ಎರಡು ಅಳತೆಗಳನ್ನು ನಿಮ್ಮ ಬರಹ ತಿದ್ದಲು ಧಾರಾಳವಾಗಿ ಬಳಸಿ, ಬೇರೆಯವರ ಪ್ರಾಮಾಣಿಕತೆ ಅಳೆಯಲು ಎಂದಿಗೂ ಬಳಸಬೇಡಿ.