ವ್ಯಾಖ್ಯೆಯೊಳಗೆ ಅಡಗಿರುವ ‘ಮಾತ್ರ’

p → q ನಿಜ ಆದ ಮಾತ್ರಕ್ಕೆ q → p ನಿಜ ಆಗಬೇಕಿಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಆದರೆ ಅಂಗಳ ಒದ್ದೆಯಾಗಿದೆ ಅಂದರೆ ಮಳೆಯೇ ಬಂದಿರಬೇಕಿಲ್ಲ. ಅಮ್ಮ ರಂಗೋಲಿಗೆ ನೀರು ಹಾಕಿರಬಹುದು. ಥರ್ಡ್ ಸೆಮ್‌ನಲ್ಲಿ ಇದನ್ನು ಚೆನ್ನಾಗಿ ಕಲಿತೆ. ಕಲಿತಿದ್ದಕ್ಕೇ ಇಂಟರ್ನಲ್ಸ್‌ನಲ್ಲಿ ಸಿಕ್ಕಿಹಾಕಿಕೊಂಡೆ!

ಪ್ರಶ್ನೆ ಹೀಗಿತ್ತು: A, B ಎರಡೂ ಒಂದೇ ಅಳತೆಯ ಆರ್ಥೋಗೊನಲ್ ಮ್ಯಾಟ್ರಿಕ್ಸ್‌ಗಳಾದರೆ, AB ಕೂಡ ಆರ್ಥೋಗೊನಲ್ ಎಂದು ಸಾಧಿಸಿ. ನನ್ನ ನೋಟ್ಸ್‌ನಲ್ಲಿದ್ದ ವ್ಯಾಖ್ಯೆ: “ಚೌಕ ಮ್ಯಾಟ್ರಿಕ್ಸ್ A ಗೆ AᵀA = I ಆದರೆ, ಅದನ್ನು ಆರ್ಥೋಗೊನಲ್ ಎನ್ನುತ್ತೇವೆ.” ಇಲ್ಲಿ ಸಮೀಕರಣದಿಂದ ಹೆಸರಿಗೆ ದಾರಿ ಇದೆ. ಆದರೆ ನನಗೆ ಕೊಟ್ಟಿದ್ದು ಬರೀ ಹೆಸರು. ಹೆಸರಿನಿಂದ ಸಮೀಕರಣಕ್ಕೆ ವಾಪಸ್ ಹೋಗೋದು ತಪ್ಪಲ್ವಾ? ಹೀಗೆ ಯೋಚಿಸುತ್ತಾ ಉತ್ತರದ ಜಾಗ ಖಾಲಿ ಬಿಟ್ಟು ಬಂದೆ.

ತಪ್ಪಲ್ಲ. ಕಾರಣ ಇದು: ‘ಒದ್ದೆ’ ಎಂಬ ಪದಕ್ಕೆ ಮಳೆಗಿಂತ ಮೊದಲೇ ತನ್ನದೇ ಅರ್ಥ ಇದೆ. ಹಾಗಾಗಿ ಅಂಗಳ ಒದ್ದೆಯಾಗಲು ಬೇರೆ ದಾರಿಗಳಿವೆ. ‘ಆರ್ಥೋಗೊನಲ್ ಮ್ಯಾಟ್ರಿಕ್ಸ್’ ಎಂಬ ಹೆಸರು ನಮ್ಮ ನೋಟ್ಸ್‌ನಲ್ಲಿ ಹುಟ್ಟಿದ್ದೇ ಆ ವಾಕ್ಯದಲ್ಲಿ. ಆ ಹೆಸರು ಪಡೆಯೋಕೆ ಬೇರೆ ದಾರಿಯನ್ನು ಯಾರೂ ತೆರೆದಿಲ್ಲ. ಆದ್ದರಿಂದ ಹೆಸರು ಇದೆ ಅಂದರೆ AᵀA = I ಇರಲೇಬೇಕು. ವ್ಯಾಖ್ಯೆಯ ‘ಆದರೆ’ ಅನ್ನು ‘ಆದರೆ ಮತ್ತು ಆದರೆ ಮಾತ್ರ’ ಎಂದೇ ಓದಬೇಕು. ಹಾಗೆ ಓದದಿದ್ದರೆ 2I ಆರ್ಥೋಗೊನಲ್ ಅಲ್ಲ ಅಂತ ಕೂಡ ಹೇಳೋಕೆ ಆಗಲ್ಲ.

ಈಗ ಆ ಲೆಕ್ಕ ಮಾಡೋಣ. A, B ಆರ್ಥೋಗೊನಲ್, ಆದ್ದರಿಂದ AᵀA = I, BᵀB = I. ಇದು ವ್ಯಾಖ್ಯೆ ಬಾಯಿಬಿಟ್ಟು ಹೇಳದ ದಿಕ್ಕು. ಮುಂದೆ,

(AB)ᵀ(AB) = BᵀAᵀAB = BᵀIB = BᵀB = I.

ಆದ್ದರಿಂದ AB ಆರ್ಥೋಗೊನಲ್. ಇದು ಬರೆದಿಟ್ಟ ದಿಕ್ಕು. ನಾಲ್ಕು ಸಾಲಿನ ಉತ್ತರದಲ್ಲಿ ವ್ಯಾಖ್ಯೆಯನ್ನು ಎರಡೂ ಕಡೆಯಿಂದ ಬಳಸಿದ್ದೇವೆ.

ಈ ಸಲಿಗೆ ಪ್ರಮೇಯಕ್ಕೆ ಇಲ್ಲ. “A ಆರ್ಥೋಗೊನಲ್ ಆದರೆ det A = ±1” ಎಂಬುದು ಪ್ರಮೇಯ. ಇದನ್ನು ತಿರುಗಿಸಿ, “det A = 1, ಆದ್ದರಿಂದ A ಆರ್ಥೋಗೊನಲ್” ಅಂತ ಬರೆದರೆ ಮಾರ್ಕ್ಸ್ ಹೋಯಿತು. ಮೊದಲ ಸಾಲು 1, 1, ಎರಡನೇ ಸಾಲು 0, 1 ಇರುವ ಮ್ಯಾಟ್ರಿಕ್ಸ್ ತಗೊಳ್ಳಿ. ಅದರ det 1. ಆದರೆ AᵀA ಮಾಡಿದರೆ ಸಾಲುಗಳು 1, 1 ಮತ್ತು 1, 2 ಬರುತ್ತವೆ, I ಬರೋದಿಲ್ಲ. ಇಲ್ಲಿ det ಮತ್ತು ಆರ್ಥೋಗೊನಲ್ ಎರಡಕ್ಕೂ ಮೊದಲೇ ಅರ್ಥ ಇತ್ತು. ಪ್ರಮೇಯ ಅವುಗಳ ನಡುವೆ ಒಂದು ದಿಕ್ಕಿನ ಸಂಬಂಧ ಹೇಳಿತು, ಅಷ್ಟೇ.

ಹಾಗಾದರೆ ಯಾವುದು ವ್ಯಾಖ್ಯೆ, ಯಾವುದು ಪ್ರಮೇಯ ಅಂತ ಗುರುತಿಸೋದು ಹೇಗೆ? ವಾಕ್ಯದ ಕೊನೆ ನೋಡಿ. ‘ಎನ್ನುತ್ತೇವೆ’, ‘ಎಂದು ಕರೆಯುತ್ತೇವೆ’ ಅಂತಿದ್ದು, ಆ ಪದ ಅಲ್ಲೇ ಮೊದಲ ಸಲ ಬರುತ್ತಿದ್ದರೆ ಅದು ನಾಮಕರಣ. ಎರಡೂ ಕಡೆ ಓಡಾಡಬಹುದು. ‘ಆಗಿರುತ್ತದೆ’ ಅಂತಿದ್ದು, ಪದ ಹಳೆಯದಾಗಿದ್ದರೆ ಅದು ಪ್ರಮೇಯ. ವಾಪಸ್ ಬರೋಕೆ ಇನ್ನೊಂದು ಸಾಧನೆ ಬೇಕು.