ನಗ ಕಡಿಮೆಯಾದರೆ ಒಂದು ಪಟ್ಟಿ, ಮಾಲು ಒಡೆದಿದ್ದರೆ ಇನ್ನೊಂದು

ಹುಬ್ಬಳ್ಳಿಯ ಹೋಲ್‌ಸೇಲ್ ಅಂಗಡಿಯಿಂದ ಹೊಸಪೇಟೆಯ ಕಿರಾಣಿ ಅಂಗಡಿಗೆ 40 ನಗ ಮಾಲು ಹೊರಟಿದೆ ಎಂದುಕೊಳ್ಳೋಣ. ಇಳಿಸಿ ನೋಡಿದರೆ ಒಂದು ನಗ ಇಲ್ಲ, ಒಂದು ಎಣ್ಣೆ ಟಿನ್ ಸೋರಿದೆ, ಉಪ್ಪಿನಕಾಯಿ ಬಾಟಲಿಗಳು ಒಡೆದಿವೆ, ಸೋಪಿನ ಪೆಟ್ಟಿಗೆಯಲ್ಲಿ ಆರು ಸೋಪು ಕಡಿಮೆ. ಆಗ ಸಾಮಾನ್ಯವಾಗಿ ಹೋಗುವ ಪತ್ರ ಎರಡೇ ಸಾಲಿನದು: ‘ಮಾಲು ಕಡಿಮೆ ಬಂದಿದೆ, ಕೆಲವು ಹಾಳಾಗಿವೆ, ಸರಿಮಾಡಿ ಕೊಡಿ.’ ಇಂಥ ಪತ್ರಕ್ಕೆ ‘ನಾವು ಸರಿಯಾಗಿಯೇ ಕಳಿಸಿದ್ದೇವೆ, ಲಾರಿಯವರನ್ನು ಕೇಳಿ’ ಎಂಬ ಉತ್ತರ ಬರುತ್ತದೆ, ಲಾರಿ ಆಫೀಸಿನವರು ಪ್ಯಾಕಿಂಗ್ ಕಡೆ ಬೆರಳು ತೋರಿಸುತ್ತಾರೆ. ಕೊರತೆಗೂ ಹಾನಿಗೂ ಕಾರಣ ಬೇರೆ, ಸಾಕ್ಷಿ ಬೇರೆ, ಹೊಣೆ ಹೊರುವವರೂ ಎಷ್ಟೋ ಸಲ ಬೇರೆ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿದ ಪತ್ರವನ್ನು ಯಾರೂ ತಮ್ಮದೆಂದು ಒಪ್ಪಬೇಕಾಗಿಲ್ಲ. ಆದ್ದರಿಂದ ಪತ್ರದಲ್ಲಿ ಎರಡು ಪಟ್ಟಿ ಇರಬೇಕು, ಪ್ರತಿ ಸಾಲಿನಲ್ಲೂ ಆ ನಷ್ಟ ಎಲ್ಲಿ ಆಗಿರಬಹುದು ಎಂಬುದರ ಗುರುತು ಇರಬೇಕು.

ಆ ಗುರುತು ಸಿಗುವುದು ಮಾಲು ಇಳಿಯುವ ಹೊತ್ತಿನಲ್ಲಿ ಮಾತ್ರ. ಹಮಾಲರು ಇಳಿಸುತ್ತಿರುವಾಗಲೇ ನಗ ಎಣಿಸಿ, ಬಿಲ್ಟಿಯ ಸಂಖ್ಯೆಗೆ ತಾಳೆ ನೋಡಿ. ಚಾಲಕನ ಬಳಿ ಉಳಿಯುವ ಪ್ರತಿಗೆ ಸಹಿ ಹಾಕುವ ಮುನ್ನ ಅದರ ಮೇಲೆ ‘40ರಲ್ಲಿ 39 ನಗ ಮಾತ್ರ ಬಂದಿದೆ, ಒಂದು ಎಣ್ಣೆ ಟಿನ್ ಸೋರಿದೆ, ಒಳಗಿನ ಎಣಿಕೆ ಬಾಕಿ’ ಎಂದು ಬರೆದು, ತಾರೀಖು ಹಾಕಿ ಫೋಟೋ ತೆಗೆದುಕೊಳ್ಳಿ. ಚಾಲಕ ನಿಲ್ಲುವುದಿಲ್ಲ, ಗಾಡಿ ಮುಂದಿನ ಊರಿಗೆ ಹೋಗಬೇಕು ಎಂದು ಅವಸರ ಮಾಡುತ್ತಾನೆ ಎಂಬ ಆಕ್ಷೇಪ ನಿಜವೇ. ಆದರೆ ಅವನೆದುರು ಎಲ್ಲ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಹೊರಗಿನ ಎಣಿಕೆ ಮತ್ತು ಹೊರಗೆ ಕಾಣುವ ಹಾನಿ, ಇವೆರಡಕ್ಕೆ ಮಾತ್ರ ಅವನು ಸಾಕ್ಷಿ. ಸಂಡೂರು, ಕಂಪ್ಲಿಯ ಅಂಗಡಿಗಳವರು ಇನ್ನೂ ಎಚ್ಚರದಿಂದಿರಬೇಕು. ಅವರ ಮಾಲು ಹೊಸಪೇಟೆಯಲ್ಲಿ ಇಳಿದು ಇನ್ನೊಂದು ಗಾಡಿಗೆ ಹತ್ತಿದ್ದರೆ, ಅಲ್ಲಿ ಹತ್ತಿದ ನಗ ಎಷ್ಟು ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಬೇಕು.

ಒಳಗಿನ ಎಣಿಕೆಗೆ ಕುಳಿತಾಗ ಪೆಟ್ಟಿಗೆಯ ಟೇಪನ್ನು ಮೊದಲು ನೋಡಿ. ಕಂಪನಿಯ ಟೇಪು ಕತ್ತರಿಸದೆ ಹಾಗೇ ಇದ್ದು ಒಳಗೆ 72ರ ಬದಲು 66 ಸೋಪು ಇದ್ದರೆ ಕೊರತೆ ಪ್ಯಾಕ್ ಮಾಡಿದಲ್ಲೇ ಆದದ್ದು. ಕತ್ತರಿಸಿದ ಟೇಪಿನ ಮೇಲೆ ಇನ್ನೊಂದು ಟೇಪು ಅಂಟಿಸಿದ್ದರೆ ನಡುವೆ ಯಾರೋ ಬಿಚ್ಚಿದ್ದಾರೆ. ಅದು ಹೋಲ್‌ಸೇಲ್ ಅಂಗಡಿಯಲ್ಲೋ ದಾರಿಯಲ್ಲೋ ಎಂದು ನೀವೇ ತೀರ್ಮಾನಿಸಬೇಡಿ, ಕಂಡದ್ದನ್ನಷ್ಟೇ ಬರೆಯಿರಿ. ಬಾಟಲಿಗಳ ನಡುವೆ ರಟ್ಟಿನ ಅಡ್ಡಗೋಡೆ ಇಲ್ಲದೆ ಒಂದಕ್ಕೊಂದು ತಾಗಿ ಒಡೆದಿದ್ದು, ಪೆಟ್ಟಿಗೆಯ ಹೊರಮೈ ಸರಿಯಾಗಿದ್ದರೆ ಅದು ಪ್ಯಾಕಿಂಗಿನ ದೋಷ. ಪೆಟ್ಟಿಗೆಯ ಮೂಲೆ ಜಜ್ಜಿಹೋಗಿದ್ದು ಅದೇ ಮೂಲೆಯ ಬಾಟಲಿಗಳು ಒಡೆದಿದ್ದರೆ ಎತ್ತಿ ಇಳಿಸುವಾಗಿನ ಹೊಡೆತ. ಸೋರಿದ ಟಿನ್ನಿಗೆ ಸುಲಭದ ಉಪಾಯವಿದೆ: ಅದೇ ಲೋಡಿನ ಸರಿಯಾದ ಟಿನ್ನನ್ನೂ ಸೋರಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಿ. ವ್ಯತ್ಯಾಸವೇ ಹೋದ ಎಣ್ಣೆ, ಟಿನ್ನಿನ ತೂಕದ ಚರ್ಚೆಯೇ ಬೇಡ.

ಇಷ್ಟು ಕೈಯಲ್ಲಿದ್ದರೆ ಪತ್ರ ತಾನಾಗಿಯೇ ರೂಪ ಪಡೆಯುತ್ತದೆ. ಬಿಲ್ ಸಂಖ್ಯೆ, ಬಿಲ್ಟಿ ಸಂಖ್ಯೆ, ಬುಕ್ಕಾದ ಮತ್ತು ಇಳಿದ ತಾರೀಖು ಮೇಲೆ ಬರಲಿ. ಉಳಿದದ್ದು ಹೀಗೆ:

‘ಮಾನ್ಯರೇ, ತಾವು 6ನೇ ತಾರೀಖು ಕಳಿಸಿದ ಬಿಲ್ ನಂ. 1147ರ ಮಾಲು 8ರಂದು ನಮ್ಮ ಅಂಗಡಿಯಲ್ಲಿ ಇಳಿಯಿತು. ಕಡಿಮೆ ಬಂದದ್ದು: ಚಹಾಪುಡಿ ಒಂದು ಪೆಟ್ಟಿಗೆ (20 ಪ್ಯಾಕೆಟ್) ಇಳಿಯಲೇ ಇಲ್ಲ, ಬಿಲ್ಟಿಯ ಮೇಲೆ ಬರೆದು ಸಹಿ ಮಾಡಿದ್ದೇವೆ, ₹2,400. ಸೋಪಿನ ಪೆಟ್ಟಿಗೆಯಲ್ಲಿ 72ಕ್ಕೆ 66, ಕಂಪನಿ ಟೇಪು ಕತ್ತರಿಸಿರಲಿಲ್ಲ, 6 ಸೋಪಿಗೆ ₹32ರಂತೆ ₹192. ಹಾಳಾಗಿ ಬಂದದ್ದು: 15 ಕೆ.ಜಿ. ಎಣ್ಣೆ ಟಿನ್ ಒಂದು, ತಳದ ಅಂಚು ಜಜ್ಜಿ ಸೋರಿದೆ, ಸರಿಯಾದ ಟಿನ್ನಿಗಿಂತ 2.6 ಕೆ.ಜಿ. ಕಡಿಮೆ ತೂಗಿತು, ಇಡೀ ಟಿನ್ ತಿರಸ್ಕರಿಸಿದ್ದೇವೆ, ₹2,100. ಉಪ್ಪಿನಕಾಯಿ ಬಾಟಲಿ 24ರಲ್ಲಿ 4 ಒಡೆದಿವೆ, ನಡುವೆ ರಟ್ಟು ಇರಲಿಲ್ಲ, ₹85ರಂತೆ ₹340. ಒಟ್ಟು ₹5,032, ಮೇಲೆ ಬಿಲ್ಲಿನಲ್ಲಿ ಹಾಕಿದ ದರದಂತೆ ಜಿಎಸ್‌ಟಿ. ಈ ಮೊತ್ತಕ್ಕೆ ಇದೇ ಬಿಲ್ಲಿನ ಮೇಲೆ ಕ್ರೆಡಿಟ್ ನೋಟ್ ಕೊಡಬೇಕಾಗಿ ಕೋರುತ್ತೇವೆ. ಹಾಳಾದ ಮಾಲನ್ನು ಬೇರೆ ಇಟ್ಟಿದ್ದೇವೆ, ಹತ್ತು ದಿನದೊಳಗೆ ನೋಡಿಕೊಳ್ಳಬಹುದು ಅಥವಾ ಒಯ್ಯಬಹುದು. ಫೋಟೋಗಳನ್ನು ಲಗತ್ತಿಸಿದೆ. ಉಳಿದ ಮಾಲು ಸರಿಯಾಗಿದೆ.’

ಕೊನೆಯ ವಾಕ್ಯವನ್ನು ಬಿಡಬೇಡಿ. ತಕರಾರು ಇಷ್ಟಕ್ಕೇ ಸೀಮಿತ, ಉಳಿದ ಹಣ ಬರುತ್ತದೆ ಎಂದು ಅದರಿಂದ ಸಾಹುಕಾರರಿಗೆ ಗೊತ್ತಾಗುತ್ತದೆ. ದರ ಹಾಕುವಾಗ ಎಂಆರ್‌ಪಿ ಹಿಡಿಯಬಾರದು. ರಿಯಾಯಿತಿ ಕಳೆದು ನಿಮಗೆ ಬಿದ್ದ ದರವೇ ಲೆಕ್ಕಕ್ಕೆ. ಆರು ಸೋಪಿಗೆ ಎಂಆರ್‌ಪಿ ಹಾಕಿದ ಒಂದೇ ತಪ್ಪು ಇಡೀ ಪಟ್ಟಿಯ ಮೇಲಿನ ನಂಬಿಕೆ ಕೆಡಿಸುತ್ತದೆ.

ಇಷ್ಟೆಲ್ಲ ಯಾಕೆ, ಫೋನ್ ಮಾಡಿ ಮುಂದಿನ ಪೇಮೆಂಟಿನಲ್ಲಿ ಹಿಡಿದುಕೊಂಡರಾಯಿತು ಎನ್ನುವವರಿದ್ದಾರೆ. ಹತ್ತಾರು ವರ್ಷದ ವ್ಯವಹಾರದಲ್ಲಿ ಕಾಗದ ಬರೆದರೆ ಮನಸ್ಸು ಕೆಡುತ್ತದೆ ಎಂಬ ಅಳುಕೂ ಇದೆ. ಆದರೆ ಹೇಳದೆ ಹಿಡಿದ ₹5,032 ಅವರ ಖಾತೆಯಲ್ಲಿ ನಿಮ್ಮ ಬಾಕಿಯಾಗಿಯೇ ಉಳಿಯುತ್ತದೆ. ಮನಸ್ಸು ಕೆಡುವುದು ಆರು ತಿಂಗಳ ನಂತರ ಆ ಬಾಕಿ ಕೇಳಿದಾಗ. ತೆರಿಗೆಯ ವಿಷಯವೂ ಇದೆ. ಕೈಗೆ ಬಾರದ ಮಾಲಿನ ಮೇಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ. ಕೊರತೆಗೂ ವಾಪಸಾತಿಗೂ ಕ್ರೆಡಿಟ್ ನೋಟ್ ಕೊಡಲು ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಲ್ಲಿ ಅವಕಾಶವಿದೆ. ಕಾಂಪೋಸಿಷನ್ ಪದ್ಧತಿಯ ಅಂಗಡಿಯವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದ ಕಾರಣ ಕಟ್ಟಿದ ತೆರಿಗೆಯೂ ಅವರ ನಷ್ಟವೇ, ಅದನ್ನು ಸೇರಿಸಿಯೇ ಕೇಳಬೇಕು.

ಇನ್ನು ಗ್ರಾಹಕರ ಆಯೋಗವಿದೆಯಲ್ಲ ಎಂಬ ಭರವಸೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮರುಮಾರಾಟಕ್ಕೆ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನಲ್ಲ. ಅವನಿಗೆ ಆಧಾರ 1930ರ ಸರಕು ಮಾರಾಟ ಕಾಯ್ದೆ. ತಕರಾರು ಹೇಳದೆ ಸಾಕಷ್ಟು ಕಾಲ ಮಾಲು ಇಟ್ಟುಕೊಂಡರೆ ಒಪ್ಪಿಕೊಂಡಂತೆ ಎಂದು ಅದರ 42ನೇ ಕಲಮು ಹೇಳುತ್ತದೆ, ಎಷ್ಟು ದಿನ ಎಂದು ಹೇಳುವುದಿಲ್ಲ. ಹಾಗಾಗಿ ಮಾಲು ಇಳಿದ ಎರಡು ಮೂರು ದಿನದೊಳಗೆ ಪತ್ರ ಹೋಗಬೇಕು: ವಾಟ್ಸಾಪಿನಲ್ಲಿ ಫೋಟೋ ಸಮೇತ, ಸಹಿ ಮಾಡಿದ ಪ್ರತಿ ಸ್ಪೀಡ್ ಪೋಸ್ಟಿನಲ್ಲಿ. ಪೂರೈಕೆದಾರರು ನೋಂದಾಯಿತ ಸಣ್ಣ ತಯಾರಕರಾಗಿದ್ದರೆ, ಮಾಲು ಬಂದ 15 ದಿನದೊಳಗೆ ಲಿಖಿತ ಆಕ್ಷೇಪ ಹೋಗದಿದ್ದರೆ ಹಣ ಕೊಡುವ ಗಡುವು ಮಾಲು ಬಂದ ದಿನದಿಂದಲೇ ಓಡತೊಡಗುತ್ತದೆ.

ಬಾರದ ಚಹಾ ಪೆಟ್ಟಿಗೆಯ ವಿಷಯದಲ್ಲಿ ಸಾಹುಕಾರರ ವಾದಕ್ಕೂ ಬಲವಿದೆ. ಮಾಲನ್ನು ಲಾರಿ ಆಫೀಸಿಗೆ ಒಪ್ಪಿಸಿದರೆ ಖರೀದಿದಾರನಿಗೇ ಒಪ್ಪಿಸಿದಂತೆ ಎಂಬುದು ಸರಕು ಮಾರಾಟ ಕಾಯ್ದೆಯ ಸಾಮಾನ್ಯ ನಿಯಮ. ಅಂಗಡಿಗೇ ತಲುಪಿಸುವ ಕರಾರು ಇದ್ದರೆ ಮಾತು ಬೇರೆ. ಆದ್ದರಿಂದ ಅದೇ ದಿನ ಲಾರಿ ಆಫೀಸಿಗೂ ಒಂದು ಲಿಖಿತ ನೋಟಿಸು ಕೊಟ್ಟು, ಪ್ರತಿಯ ಮೇಲೆ ಅವರ ಸೀಲು ಹಾಕಿಸಿಕೊಳ್ಳಿ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಮಾಲು ಬುಕ್ಕಾದ ದಿನದಿಂದ 180 ದಿನದೊಳಗೆ ಇಂಥ ನೋಟಿಸು ಕೊಡದಿದ್ದರೆ ಅವರ ಮೇಲೆ ದಾವೆ ಹೂಡಲಾಗದು. ಎಷ್ಟೋ ದಿನ ಬೆನ್ನುಹತ್ತಿ ಕೊನೆಗೆ ‘ಲಾರಿಯವರನ್ನೇ ಕೇಳಿ’ ಎನಿಸಿಕೊಳ್ಳುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ.

ಉತ್ತರ ಬರುವವರೆಗೆ ಸೋರಿದ ಟಿನ್ನಿನ ಎಣ್ಣೆಯನ್ನು ಬಿಡಿಯಾಗಿ ಮಾರಬೇಡಿ. ತಿರಸ್ಕರಿಸಿದ್ದೇವೆ ಎಂದು ಬರೆದ ಮಾಲನ್ನೇ ಮಾರಿದರೆ ಅದನ್ನು ಒಪ್ಪಿಕೊಂಡಂತೆಯೇ. ಅದನ್ನು ನಿಮ್ಮ ಖರ್ಚಿನಲ್ಲಿ ಹುಬ್ಬಳ್ಳಿಗೆ ವಾಪಸು ಕಳಿಸಬೇಕಾಗಿಯೂ ಇಲ್ಲ. ತಿರಸ್ಕರಿಸಿದ್ದನ್ನು ತಿಳಿಸಿದರೆ ಸಾಕು, ಒಯ್ಯುವುದು ಅವರ ಕೆಲಸ.